ದಾಳ ಉರುಳಿಸಿ ಹುಡುಕುವ ದುರ್ಬಲ ಕೊಂಡಿ

ಹೊಳೆಯ ಈ ದಡದಲ್ಲಿ ಮೂರು ಊರುಗಳಿವೆ ಎಂದುಕೊಳ್ಳಿ: ಕ, ಖ, ಗ. ಇವುಗಳಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ನಡುವೆ ನೇರ ದಾರಿಯಿದೆ. ಆ ದಡದಲ್ಲೂ ಹಾಗೆಯೇ ಮೂರು ಊರು, ಮೂರು ದಾರಿ: ಚ, ಛ, ಜ. ಗ ಊರಿನಿಂದ ಚ ಊರಿಗೆ ಒಂದು ಸೇತುವೆ. ಒಟ್ಟು ಆರು ಊರು, ಏಳು ದಾರಿ. ಕನಿಷ್ಠ ಎಷ್ಟು ದಾರಿ ಕಡಿದುಹೋದರೆ ಇವು ಒಂದಕ್ಕೊಂದು ಸಂಪರ್ಕವಿಲ್ಲದ ಎರಡು ಪಾಲಾಗುತ್ತವೆ? ಉತ್ತರ ಕಣ್ಣಿಗೇ ಕಾಣುತ್ತದೆ. ಸೇತುವೆ ಒಂದು ಹೋದರೆ ಸಾಕು.

ಊರುಗಳು ನೂರಾದಾಗ ಕಣ್ಣು ಸೋಲುತ್ತದೆ. ಆರು ಊರುಗಳನ್ನು ಎರಡು ಪಾಲು ಮಾಡುವ ಬಗೆಗಳು 31 ಮಾತ್ರ. ಒಂದೊಂದಾಗಿ ಎಣಿಸಿ ನೋಡಬಹುದು. ನೂರು ಊರುಗಳಿಗೆ ಆ ಸಂಖ್ಯೆ 6ರ ಮುಂದೆ 29 ಸೊನ್ನೆ ಬರೆದಷ್ಟಾಗುತ್ತದೆ. ಊರುಗಳ ಜಾಗದಲ್ಲಿ ಕಂಪ್ಯೂಟರುಗಳನ್ನೋ ವಿದ್ಯುತ್ ಸಬ್‌ಸ್ಟೇಷನ್ನುಗಳನ್ನೋ ಇಟ್ಟರೂ ಪ್ರಶ್ನೆ ಅದೇ. ಗ್ರಾಫ್ ಸಿದ್ಧಾಂತದವರು ಇದನ್ನು ಮಿನ್ ಕಟ್ ಎನ್ನುತ್ತಾರೆ. ಎರಡು ಪಾಲುಗಳ ನಡುವೆ ಹಾದುಹೋಗುವ ದಾರಿಗಳ ಗುಂಪು ಒಂದು ಕಟ್. ಅಂಥ ಎಲ್ಲ ಕಟ್‌ಗಳಲ್ಲಿ ಅತಿ ಕಡಿಮೆ ದಾರಿಗಳಿರುವುದು ಮಿನ್ ಕಟ್.

ಇದಕ್ಕೊಂದು ಹಳೆಯ ದಾರಿಯಿತ್ತು. ಇಂಥ ಊರಿನಿಂದ ಇಂಥ ಊರಿಗೆ ಹೋಗುವ ಸಂಚಾರ ನಿಲ್ಲಬೇಕು ಎಂದು ಎರಡು ತುದಿಗಳನ್ನು ಮೊದಲೇ ಗೊತ್ತುಮಾಡಿಕೊಟ್ಟರೆ, ಅವೆರಡನ್ನು ಬೇರ್ಪಡಿಸುವ ಅತಿ ಸಣ್ಣ ಕಟ್ ಹುಡುಕುವುದು ಹೇಗೆಂದು 1956ರಲ್ಲಿ ಫೋರ್ಡ್ ಮತ್ತು ಫುಲ್ಕರ್ಸನ್ ತೋರಿಸಿದ್ದರು. ಆ ಕೆಲಸಕ್ಕೆ ಪ್ರೇರಣೆ ಸೋವಿಯತ್ ಒಕ್ಕೂಟದ ರೈಲು ಜಾಲ. ಅದನ್ನು ಎಲ್ಲಿ ತುಂಡರಿಸಬಹುದು ಎಂದು ಲೆಕ್ಕಹಾಕಿದ ಅಮೆರಿಕದ ಒಂದು ವರದಿ 1955ರಲ್ಲಿ ಸಿದ್ಧವಾಗಿ, 1999ರವರೆಗೂ ಗುಟ್ಟಾಗಿಯೇ ಇತ್ತು. ನಮ್ಮ ಪ್ರಶ್ನೆಯಲ್ಲಿ ಗೊತ್ತಾದ ತುದಿಗಳಿಲ್ಲ. ಜಾಲ ಎಲ್ಲಿ ಒಡೆದರೂ ಸರಿ. ಆಗ ಒಂದು ಊರನ್ನು ಹಿಡಿದುಕೊಂಡು ಉಳಿದ ಒಂದೊಂದರ ಜೊತೆ ಜೋಡಿಸಿ ಫೋರ್ಡ್-ಫುಲ್ಕರ್ಸನ್ ಲೆಕ್ಕವನ್ನು ಮತ್ತೆ ಮತ್ತೆ ಮಾಡಬೇಕಾಗುತ್ತಿತ್ತು. ಕೆಲಸ ನಡೆಯುತ್ತದೆ, ಆದರೆ ಭಾರ.

1993ರಲ್ಲಿ ಡೇವಿಡ್ ಕಾರ್ಗರ್ ಎಂಬ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿ ಮುಂದಿಟ್ಟ ವಿಧಾನ ಮೊದಲ ಸಲ ಕೇಳಿದವರಿಗೆ ತಮಾಷೆ ಎನಿಸಬೇಕು. ಕಣ್ಣು ಮುಚ್ಚಿ ಒಂದು ದಾರಿಯನ್ನು ಆರಿಸಿ. ಅದರ ಎರಡು ತುದಿಯ ಊರುಗಳನ್ನು ಬೆಸೆದು ಒಂದೇ ಊರು ಮಾಡಿ. ಈ ಹೊಸ ಊರಿನಿಂದ ಮೂರನೆಯ ಒಂದು ಊರಿಗೆ ಈಗ ಎರಡು ದಾರಿಗಳಾದರೆ ಎರಡನ್ನೂ ಹಾಗೇ ಉಳಿಸಿಕೊಳ್ಳಿ. ಬೆಸೆದ ಊರಿನ ಒಳಗೇ ಸುತ್ತಿ ಬರುವ ದಾರಿಯನ್ನು ಮಾತ್ರ ಅಳಿಸಿಹಾಕಿ. ಮತ್ತೆ ಕಣ್ಣು ಮುಚ್ಚಿ ಇನ್ನೊಂದು ದಾರಿ ಆರಿಸಿ. ಎರಡೇ ಊರು ಉಳಿಯುವವರೆಗೆ ಹೀಗೇ ಮುಂದುವರಿಸಿ. ಕೊನೆಗೆ ಆ ಎರಡರ ನಡುವೆ ಉಳಿದ ದಾರಿಗಳೇ ಉತ್ತರ. ಅಷ್ಟೇ. ಎಲ್ಲೂ ಹೋಲಿಕೆಯಿಲ್ಲ, ಯಾವುದು ಮೇಲು ಯಾವುದು ಕೀಳು ಎಂಬ ವಿಚಾರವೂ ಇಲ್ಲ.

ನಮ್ಮ ಆರು ಊರುಗಳಲ್ಲೇ ಆಡಿ ನೋಡೋಣ. ಮೊದಲ ಸರದಿಯಲ್ಲಿ ಏಳು ದಾರಿಗಳಿವೆ. ಕೈಗೆ ಸೇತುವೆಯೇ ಸಿಕ್ಕಿದರೆ ಗ ಮತ್ತು ಚ ಬೆಸೆದುಹೋಗಿ, ನಮಗೆ ಬೇಕಾದ ಉತ್ತರ ಶಾಶ್ವತವಾಗಿ ಕಳೆದುಹೋಗುತ್ತದೆ. ಹಾಗಾಗದಿರುವ ಸಂಭವನೀಯತೆ 6/7. ಸಿಕ್ಕಿದ್ದು ಕ-ಖ ದಾರಿ ಎನ್ನಿ. ಅವೆರಡೂ ಒಂದಾದವು, ಈಗ ಆ ಜೋಡಿಯಿಂದ ಗ ಊರಿಗೆ ಎರಡು ದಾರಿ, ಆಚೆ ದಡದಲ್ಲಿ ಮೂರು, ಜೊತೆಗೆ ಸೇತುವೆ. ಒಟ್ಟು ಆರು. ಇಲ್ಲಿಂದ ಮುಂದೆ ಎರಡು ಕವಲು. ಈಚೆಯ ಎರಡರಲ್ಲಿ ಒಂದು ಸಿಕ್ಕರೆ ಈ ದಡದ ಕೆಲಸ ಮುಗಿಯಿತು. ಅದರ ಸಂಭವನೀಯತೆ 2/6. ಆಮೇಲೆ ಉಳಿದ ಎರಡು ಸರದಿಗಳಲ್ಲಿ ಸೇತುವೆ ಬದುಕುವುದು 3/4 ಮತ್ತು 2/3, ಅಂದರೆ ಒಟ್ಟಿಗೆ 1/2. ಬದಲಿಗೆ ಆಚೆ ದಡದ ದಾರಿ ಸಿಕ್ಕರೆ (3/6), ಉಳಿದ ಸರದಿಗಳಲ್ಲಿ 4/5 ಮತ್ತು 2/3, ಒಟ್ಟು 8/15. ಎಲ್ಲ ಕೂಡಿಸಿ ಗುಣಿಸಿದರೆ ಸೇತುವೆ ಕೊನೆಯವರೆಗೂ ಉಳಿಯುವ ಸಂಭವನೀಯತೆ 13/35. ಅಂದರೆ ಮೂರು ಆಟಕ್ಕೆ ಒಂದಕ್ಕಿಂತ ತುಸು ಹೆಚ್ಚು. ಸುಮ್ಮನೆ 31 ಬಗೆಗಳಲ್ಲಿ ಒಂದನ್ನು ಎತ್ತಿದ್ದರೆ 1/31 ಆಗುತ್ತಿತ್ತು.

ಕುರುಡಾಟಕ್ಕೆ ಈ ಬಲ ಎಲ್ಲಿಂದ ಬಂತು? ಮಿನ್ ಕಟ್‌ನ ಸಣ್ಣತನವೇ ಅದಕ್ಕೆ ರಕ್ಷೆ. ದಾಳ ಬೀಳುವುದು ದಾರಿಗಳ ಮೇಲೆ. ಯಾವ ಕಟ್‌ನಲ್ಲಿ ದಾರಿಗಳು ಕಡಿಮೆಯೋ ಅದರ ಮೇಲೆ ದಾಳ ಬೀಳುವ ಸಂದರ್ಭವೂ ಕಡಿಮೆ. ದಟ್ಟವಾಗಿ ಹೆಣೆದುಕೊಂಡ ಊರುಗಳ ಗುಂಪು ಬೇಗ ಬೇಗ ಬೆಸೆದುಹೋಗುತ್ತದೆ. ತೆಳುವಾದ ಕೊಂಡಿ ಕೊನೆಯವರೆಗೆ ಉಳಿಯುತ್ತದೆ.

ಇದನ್ನು ಅಂದಾಜಿನ ಮಾತಾಗಿ ಬಿಡದೆ ಗಟ್ಟಿ ಲೆಕ್ಕ ಮಾಡಬಹುದು, ಮತ್ತು ಆ ಲೆಕ್ಕಕ್ಕೆ ಹೈಸ್ಕೂಲಿನ ಗಣಿತ ಸಾಕು. n ಊರುಗಳಿವೆ, ಮಿನ್ ಕಟ್‌ನಲ್ಲಿ c ದಾರಿಗಳಿವೆ ಎನ್ನೋಣ. ಯಾವ ಊರನ್ನಾದರೂ ನೋಡಿ, ಅದರಿಂದ ಹೊರಡುವ ದಾರಿಗಳು c ಗಿಂತ ಕಡಿಮೆ ಇರಲಾರವು. ಇದ್ದರೆ ಆ ಒಂದೂರನ್ನೇ ಬೇರ್ಪಡಿಸಿ ಇನ್ನೂ ಸಣ್ಣ ಕಟ್ ಮಾಡಬಹುದಿತ್ತಲ್ಲ! ಹಾಗಾಗಿ ಎಲ್ಲ ಊರುಗಳ ದಾರಿಗಳನ್ನು ಎಣಿಸಿದರೆ ಕನಿಷ್ಠ n × c. ಪ್ರತಿ ದಾರಿಯೂ ಎರಡೂ ತುದಿಯಿಂದ ಎರಡು ಸಲ ಎಣಿಕೆಯಾಗಿದೆ. ಆದ್ದರಿಂದ ನಿಜವಾದ ದಾರಿಗಳು ಕನಿಷ್ಠ nc/2. ಅವುಗಳಲ್ಲಿ ಅಪಾಯದವು c. ದಾಳ ಅಪಾಯದ ದಾರಿಯ ಮೇಲೆ ಬೀಳುವ ಸಂಭವನೀಯತೆ ಹೆಚ್ಚೆಂದರೆ 2/n. c ಎಷ್ಟಿದ್ದರೂ ಲೆಕ್ಕದಿಂದ ಅದು ಹಾರಿಹೋಯಿತು. ಉಳಿದದ್ದು ಊರುಗಳ ಸಂಖ್ಯೆ ಮಾತ್ರ.

ಬೆಸೆದ ಮೇಲೂ ಇದೇ ಮಾತು ನಿಲ್ಲುತ್ತದೆಯೇ? ನಿಲ್ಲುತ್ತದೆ. ಬೆಸೆದ ಜಾಲದಲ್ಲಿ ಯಾವ ಕಟ್ ಮಾಡಿದರೂ ಅದು ಮೂಲ ಜಾಲದ ಒಂದು ಕಟ್ ಆಗಿಯೇ ಇರುತ್ತದೆ. ಆದ್ದರಿಂದ c ಗಿಂತ ಸಣ್ಣ ಕಟ್ ಹೊಸದಾಗಿ ಹುಟ್ಟುವುದಿಲ್ಲ. n-1 ಊರುಗಳಾದಾಗ ಅಪಾಯ ಹೆಚ್ಚೆಂದರೆ 2/(n-1), ಆಮೇಲೆ 2/(n-2), ಹೀಗೆ ಮೂರು ಊರು ಉಳಿದಾಗ 2/3. ಬದುಕುವ ಸಂಭವನೀಯತೆಗಳನ್ನು ಸಾಲಾಗಿ ಗುಣಿಸಿದರೆ ಹೀಗಾಗುತ್ತದೆ:

```
(n-2)/n × (n-3)/(n-1) × ... × 2/4 × 1/3 = 2 / (n(n-1))
```

ಮೇಲಿನದೂ ಕೆಳಗಿನದೂ ಒಂದಕ್ಕೊಂದು ಹೊಡೆದುಹೋಗಿ ಕೊನೆಗೆ ಇಷ್ಟೇ ಉಳಿಯುತ್ತದೆ. ಆರು ಊರುಗಳಿಗೆ ಇದು 1/15. ನಮ್ಮ ಜಾಲದ ನಿಜವಾದ ಸಂಖ್ಯೆ 13/35 ಇದಕ್ಕಿಂತ ಬಹಳ ಹೆಚ್ಚು. ಸೂತ್ರ ಹೇಳುವುದು ಯಾವ ಜಾಲ ಕೊಟ್ಟರೂ ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬ ಖಾತರಿಯನ್ನು ಮಾತ್ರ. ನೂರು ಊರುಗಳಿಗೆ ಖಾತರಿ 1/4950. ಕೇಳಲು ಬಡಕಲು ಸಂಖ್ಯೆ. ಆದರೆ 6ರ ಮುಂದೆ 29 ಸೊನ್ನೆಗಳಷ್ಟು ಬಗೆಗಳಲ್ಲಿ ಬೇಕಾದ ಒಂದೇ ಒಂದು, 4950 ಆಟಕ್ಕೆ ಒಮ್ಮೆಯಂತೆ ಕೈಗೆ ಬರುತ್ತದೆ ಎಂದರೆ ಬಡಕಲು ಎನ್ನಲಾಗದು.

ಬಡಕಲು ಸಂಖ್ಯೆಯನ್ನು ಬಲಪಡಿಸುವುದು ಸುಲಭ: ಮತ್ತೆ ಮತ್ತೆ ಆಡಿ, ಸಿಕ್ಕ ಉತ್ತರಗಳಲ್ಲಿ ಅತಿ ಚಿಕ್ಕದನ್ನು ಇಟ್ಟುಕೊಳ್ಳಿ. ಇಲ್ಲಿ ತಪ್ಪು ಒಂದೇ ಕಡೆಗೆ ಆಗುವುದರಿಂದ ಈ ಉಪಾಯ ನಡೆಯುತ್ತದೆ. ಪ್ರತಿ ಆಟವೂ ನಿಜವಾದ ಒಂದು ಕಟ್ ಅನ್ನೇ ಕೊಡುತ್ತದೆ. ಅದು ಬೇಕಾದದ್ದಕ್ಕಿಂತ ದೊಡ್ಡದಿರಬಹುದು, ಚಿಕ್ಕದಂತೂ ಅಲ್ಲ. ನೂರು ಊರುಗಳ ಜಾಲದಲ್ಲಿ 4950 ಸಲ ಆಡಿದರೂ ಪ್ರತಿ ಸಲ ತಪ್ಪಿಹೋಗುವ ಸಾಧ್ಯತೆ ಶೇ. 37ರಷ್ಟು ಇರಬಹುದು. ಸುಮಾರು 22,800 ಸಲ ಆಡಿದರೆ ಅದು ನೂರಕ್ಕೆ ಒಂದಕ್ಕೆ ಇಳಿಯುತ್ತದೆ. ಹತ್ತು ಲಕ್ಷಕ್ಕೆ ಒಂದು ಬೇಕೆ? 68,400 ಆಟ ಸಾಕು. ಆಟ ಮೂರು ಪಟ್ಟು ಹೆಚ್ಚಿಸಿದರೆ ಸೋಲಿನ ಭಯ ಹತ್ತು ಸಾವಿರ ಪಟ್ಟು ಕಡಿಮೆಯಾಗುವುದು ಈ ವ್ಯಾಪಾರದ ಸೊಗಸು. ಆದರೆ ಪ್ರತಿ ಆಟದ ದಾಳವೂ ಬೇರೆ ಬೇರೆಯಾಗಿ ಉರುಳಬೇಕು. ಕಂಪ್ಯೂಟರಿನಲ್ಲಿ ಯಾದೃಚ್ಛಿಕ ಸಂಖ್ಯೆಗಳ ಬೀಜವನ್ನು ಪ್ರತಿ ಸಲ ಮೊದಲಿಗೇ ತಂದು ನಿಲ್ಲಿಸಿದರೆ, ಲಕ್ಷ ಸಲ ಆಡಿದರೂ ಆಡಿದ್ದು ಒಂದೇ ಆಟ.

ಈ 2/(n(n-1)) ಎಂಬ ಸಂಖ್ಯೆಯನ್ನು ಇನ್ನೂ ಮೇಲಕ್ಕೆ ತಳ್ಳಬಹುದೇ? ಆಗುವುದಿಲ್ಲ, ಮತ್ತು ಅದರ ಕಾರಣ ನನಗೆ ಇಡೀ ವಿಷಯದಲ್ಲೇ ಹೆಚ್ಚು ಇಷ್ಟವಾದ ಭಾಗ. n ಊರುಗಳನ್ನು ಒಂದು ವೃತ್ತದ ಮೇಲೆ ಕೂರಿಸಿ, ಪಕ್ಕಪಕ್ಕದವುಗಳ ನಡುವೆ ಒಂದೊಂದು ದಾರಿ ಎಳೆಯಿರಿ. ಯಾವ ಎರಡು ದಾರಿ ಕಡಿದರೂ ವೃತ್ತ ಎರಡು ತುಂಡಾಗುತ್ತದೆ. ಒಂದು ಕಡಿದರೆ ಆಗುವುದಿಲ್ಲ. ಆದ್ದರಿಂದ ಮಿನ್ ಕಟ್ ಎರಡು ದಾರಿಗಳದ್ದು, ಅಂಥವು ಒಟ್ಟು n(n-1)/2 ಇವೆ. ಕಾರ್ಗರ್ ಆಟದಲ್ಲಿ ಕೊನೆಗೆ ಉಳಿಯುವ ಜೋಡಿ ಇವುಗಳಲ್ಲಿ ಯಾವುದಾದರೂ ಸಮಾನ ಸಾಧ್ಯತೆಯಿಂದ ಆಗಬಹುದು. ಹಾಗಾಗಿ ಒಂದು ನಿರ್ದಿಷ್ಟ ಜೋಡಿ ಉಳಿಯುವ ಸಂಭವನೀಯತೆ ಸರಿಯಾಗಿ 2/(n(n-1)), ಒಂದಿಷ್ಟೂ ಹೆಚ್ಚಲ್ಲ. ಚೋದ್ಯವೆಂದರೆ, ಖಾತರಿಯ ತಳವನ್ನು ಮುಟ್ಟುವ ಈ ಜಾಲದಲ್ಲಿ ಆಟ ಸೋಲುವುದೇ ಇಲ್ಲ. ಯಾವ ಜೋಡಿ ಉಳಿದರೂ ಅದು ಮಿನ್ ಕಟ್ಟೇ!

ನಿಜವಾಗಿ ಸೋಲಿಸಬೇಕಾದರೆ ವೃತ್ತವನ್ನು ಸ್ವಲ್ಪ ಕೆಡಿಸಬೇಕು. ಪ್ರತಿ ದಾರಿಯ ಬದಲು ನೂರು ಸಮಾನಾಂತರ ದಾರಿಗಳನ್ನು ಹಾಕಿ, ಎರಡು ಕಡೆ ಮಾತ್ರ 99 ಇಡಿ. ಈಗ ಮಿನ್ ಕಟ್ ಒಂದೇ ಒಂದು, 198 ದಾರಿಗಳದ್ದು. ಉಳಿದ ಕಟ್‌ಗಳು 199, 200, ಹೀಗೆ. ದಾಳಕ್ಕೆ 99ಕ್ಕೂ 100ಕ್ಕೂ ವ್ಯತ್ಯಾಸ ಗೊತ್ತಾಗುವುದು ಅಷ್ಟಕ್ಕಷ್ಟೆ. ಗೆಲುವಿನ ಸಂಭವನೀಯತೆ ಖಾತರಿಯ ತಳಕ್ಕಿಂತ ಕೂದಲೆಳೆಯಷ್ಟೇ ಮೇಲಿರುತ್ತದೆ. ಗೆಲುವು ಕಷ್ಟವಾಗುವುದು ಜಾಲ ದೊಡ್ಡದಾದಾಗ ಮಾತ್ರವಲ್ಲ, ಮಿನ್ ಕಟ್‌ಗೆ ಬಹುತೇಕ ಸಮನಾದ ಕಟ್‌ಗಳ ಗುಂಪಿದ್ದಾಗ ಕೂಡ ಎಂಬುದು ಇದರಿಂದ ಕಾಣುತ್ತದೆ.

ಇದೇ ಲೆಕ್ಕದಿಂದ ಕೇಳದೆಯೇ ಇನ್ನೊಂದು ಫಲವೂ ಸಿಕ್ಕಿತು. ಒಂದು ಆಟದ ಕೊನೆಗೆ ಉಳಿಯುವುದು ಒಂದೇ ಕಟ್. ಪ್ರತಿ ಮಿನ್ ಕಟ್‌ಗೂ ಉಳಿಯುವ ಸಂಭವನೀಯತೆ ಕನಿಷ್ಠ 2/(n(n-1)), ಎಲ್ಲ ಕೂಡಿಸಿದರೆ 1 ದಾಟುವಂತಿಲ್ಲ. ಆದ್ದರಿಂದ ಯಾವ ಜಾಲದಲ್ಲೂ n(n-1)/2ಕ್ಕಿಂತ ಹೆಚ್ಚು ಮಿನ್ ಕಟ್‌ಗಳು ಇರಲಾರವು. ಈ ಮಿತಿ 1970ರ ದಶಕದಲ್ಲೇ ಸೋವಿಯತ್ ಗಣಿತಜ್ಞರಿಗೆ ಬೇರೆ ದಾರಿಯಿಂದ ಗೊತ್ತಿತ್ತು. ದಾಳದ ಲೆಕ್ಕ ಅದನ್ನು ಎರಡು ಸಾಲಿನಲ್ಲಿ ಮುಗಿಸಿತು.

ಪ್ರೋಗ್ರಾಂ ಬರೆಯುವವರು ಈ ವಿಧಾನವನ್ನು ಎರಡು ಬಗೆಯಲ್ಲಿ ಕೆಡಿಸುವುದುಂಟು. ಮೊದಲನೆಯದು, ದಾರಿಯ ಬದಲು ಎರಡು ಊರುಗಳನ್ನು ಕಣ್ಣು ಮುಚ್ಚಿ ಆರಿಸುವುದು. ಎರಡೂ ಒಂದೇ ಅಲ್ಲವೇ ಎನಿಸಬಹುದು. ಈ ದಡದಲ್ಲಿ 50, ಆ ದಡದಲ್ಲಿ 50 ಊರು, ದಡದೊಳಗೆ ಎಲ್ಲಕ್ಕೂ ಎಲ್ಲಕ್ಕೂ ದಾರಿ, ನಡುವೆ ಒಂದೇ ಸೇತುವೆ ಎನ್ನಿ. ದಾರಿಗಳು 2451. ದಾರಿಯನ್ನು ಆರಿಸಿದರೆ ಮೊದಲ ಸರದಿಯಲ್ಲಿ ಸೇತುವೆ ಹೋಗುವ ಸಂಭವನೀಯತೆ 1/2451. ಊರುಗಳನ್ನು ಆರಿಸಿದರೆ ಎರಡೂ ಬೇರೆ ಬೇರೆ ದಡದವಾಗುವ ಸಂಭವನೀಯತೆ ಅರ್ಧಕ್ಕಿಂತ ಹೆಚ್ಚು, ಮತ್ತು ಹಾಗೆ ಬೆಸೆದ ಕೂಡಲೇ ಆಟ ಮುಗಿಯಿತು. ಪ್ರತಿ ಸರದಿಯಲ್ಲೂ ಅದೇ ಗತಿ. ಸಣ್ಣತನಕ್ಕಿದ್ದ ರಕ್ಷೆ ಇಲ್ಲಿ ಇಲ್ಲವಾಗುತ್ತದೆ.

ಎರಡನೆಯದು, ಬೆಸೆದಾಗ ಜೊತೆಯಾಗಿ ಬಂದ ದಾರಿಗಳನ್ನು ನಕಲು ಎಂದು ಬಗೆದು ಒಂದನ್ನೇ ಉಳಿಸುವುದು. ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಬಂದರೆ ತೆಗೆದುಹಾಕುವ ಡೇಟಾ ರಚನೆ ಬಳಸಿದರೆ ಇದು ತಾನಾಗಿಯೇ ಆಗಿಬಿಡುತ್ತದೆ. ನಮ್ಮ ಆರು ಊರಿನಲ್ಲಿ ಹೀಗೆ ಮಾಡಿದರೆ ಸೇತುವೆ ಉಳಿಯುವ ಸಂಭವನೀಯತೆ 13/35ರಿಂದ 33/140ಕ್ಕೆ ಇಳಿಯುತ್ತದೆ, ಅಂದರೆ ಶೇ. 37ರಿಂದ ಶೇ. 24ಕ್ಕೆ. ಇದಕ್ಕಿಂತ ಕೆಟ್ಟದ್ದೆಂದರೆ ಕೊನೆಯ ಎಣಿಕೆಯೂ ಸುಳ್ಳಾಗುವುದು: ಮೂರು ದಾರಿಯ ಕಟ್ ಒಂದೇ ದಾರಿಯದ್ದೆಂದು ತೋರುತ್ತದೆ. ಉತ್ತರ ನಿಜಕ್ಕಿಂತ ಚಿಕ್ಕದಾಗಿ ಬಂದರೆ ಅದು ದಾಳದ ದೋಷವಲ್ಲ, ಬರೆದವರದ್ದು. ಸರಿಯಾಗಿ ಬರೆದ ಪ್ರೋಗ್ರಾಂ ಹಾಗೆ ತಪ್ಪುವುದೇ ಇಲ್ಲ.

ಇವೆರಡರಿಂದಲೂ ಪಾರಾಗುವ ಸರಳ ಬಗೆಯೊಂದಿದೆ. ಎಲ್ಲ ದಾರಿಗಳ ಹೆಸರನ್ನೂ ಚೀಟಿಗಳಲ್ಲಿ ಬರೆದು ಒಮ್ಮೆ ಚೆನ್ನಾಗಿ ಕಲಸಿ. ಮೇಲಿನಿಂದ ಒಂದೊಂದಾಗಿ ಎತ್ತಿ ಆ ಎರಡು ಊರುಗಳನ್ನು ಬೆಸೆಯಿರಿ. ಎರಡೂ ಆಗಲೇ ಒಂದೇ ಗುಂಪಿನಲ್ಲಿದ್ದರೆ ಚೀಟಿಯನ್ನು ಬದಿಗಿಡಿ. ಎರಡು ಗುಂಪು ಉಳಿದಾಗ ನಿಲ್ಲಿಸಿ, ಮೂಲ ಪಟ್ಟಿಯನ್ನೇ ನೋಡಿ ನಡುವಿನ ದಾರಿಗಳನ್ನು ಎಣಿಸಿ. ಮೇಲೆ ಹೇಳಿದ ಆಟಕ್ಕೂ ಇದಕ್ಕೂ ಸಂಭವನೀಯತೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ.

ಗೆದ್ದೆವೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಸೋತದ್ದು ಕೆಲವೊಮ್ಮೆ ತಿಳಿಯುತ್ತದೆ: ಅತಿ ಕಡಿಮೆ ದಾರಿಗಳಿರುವ ಊರನ್ನು ನೋಡಿ, ಸಿಕ್ಕ ಉತ್ತರ ಆ ಸಂಖ್ಯೆಗಿಂತ ದೊಡ್ಡದಿದ್ದರೆ ಖಂಡಿತ ಸೋಲು. ಗೆದ್ದದ್ದಕ್ಕೆ ಮಾತ್ರ ಆಟದೊಳಗೆ ಸಾಕ್ಷಿಯಿಲ್ಲ. 198 ಸಿಕ್ಕಿದಾಗ 197 ಇಲ್ಲವೆಂದು ಅದು ಹೇಳಲಾರದು. ಎಷ್ಟು ಸಲ ಆಡಿದಿರಿ ಎಂಬುದರ ಮೇಲೆ ನಂಬಿಕೆ ಕಟ್ಟಿಕೊಳ್ಳಬೇಕು. ಪೂರ್ತಿ ಖಚಿತತೆ ಬೇಕಾದವರು ದಾಳವಿಲ್ಲದ ವಿಧಾನಕ್ಕೆ ಹೋಗಬೇಕು. 1990ರ ದಶಕದಲ್ಲೇ ಬಂದ ಸ್ಟೋಯರ್-ವಾಗ್ನರ್ ವಿಧಾನ ಬರೆಯಲು ಸುಲಭ, ದಾರಿಗಳಿಗೆ ತೂಕವಿದ್ದರೂ ನಡೆಯುತ್ತದೆ.

ಸಾವಿರಾರು ಸಲ ಆಡುವ ಖರ್ಚು ಕಾರ್ಗರ್‌ಗೂ ಕಾಡಿತ್ತು. ಅಪಾಯ ಎಲ್ಲಿ ಕೂಡಿಕೊಂಡಿದೆ ಎಂದು ನೋಡಿದರೆ ಅದಕ್ಕೆ ಪರಿಹಾರ ಹೊಳೆಯುತ್ತದೆ. ನೂರು ಊರುಗಳಿಂದ 72ಕ್ಕೆ ಇಳಿಯುವವರೆಗೆ ಮಿನ್ ಕಟ್ ಬದುಕುವ ಖಾತರಿ ಅರ್ಧಕ್ಕಿಂತ ಹೆಚ್ಚು. ಹತ್ತರಿಂದ ಎರಡಕ್ಕೆ ಇಳಿಯುವ ಎಂಟೇ ಹೆಜ್ಜೆಗಳಲ್ಲಿ ಅದು 1/45. ಅಪಾಯವೆಲ್ಲ ಬಾಲದಲ್ಲಿ. ಹಾಗಿದ್ದರೆ ಅಪಾಯವಿಲ್ಲದ ಮೊದಲ ಹೆಜ್ಜೆಗಳನ್ನು ಪ್ರತಿ ಆಟಕ್ಕೂ ಮತ್ತೆ ಮಾಡುವುದೇಕೆ? ಕಾರ್ಗರ್ ಮತ್ತು ಕ್ಲಿಫರ್ಡ್ ಸ್ಟೈನ್ ಸೇರಿ ಕಂಡುಕೊಂಡದ್ದು ಇದು: ನೂರು ಊರುಗಳ ಜಾಲದಿಂದ 72ಕ್ಕೆ ಇಳಿಯುವ ಆಟವನ್ನು ಎರಡು ಸಲ ಬೇರೆ ಬೇರೆಯಾಗಿ ಆಡಿ. ಸಿಕ್ಕ ಎರಡರಲ್ಲಿ ಪ್ರತಿಯೊಂದರಿಂದಲೂ 52ಕ್ಕೆ ಎರಡೆರಡು ಸಲ ಇಳಿಯಿರಿ. ಹೀಗೆ ಕವಲೊಡೆಯುತ್ತ ಆರು ಊರುಗಳಿಗೆ ಬಂದಾಗ 31 ಬಗೆಗಳನ್ನೂ ನೇರವಾಗಿ ಪರೀಕ್ಷಿಸಿ.

ಪ್ರತಿ ಕವಲಿನಲ್ಲೂ ಅರ್ಧಕ್ಕೆ ಇಳಿಯುವ ಸಂಭವನೀಯತೆಗೆ ಎರಡು ಪ್ರಯತ್ನಗಳ ಆಸರೆ ಇರುವುದರಿಂದ ಗೆಲುವು ನಿಧಾನವಾಗಿ ಮಾತ್ರ ಕರಗುತ್ತದೆ: ಒಂದು ಹಂತಕ್ಕೆ 3/4, ಎರಡಕ್ಕೆ 39/64, ಮೂರಕ್ಕೆ ಅರ್ಧದ ಆಸುಪಾಸು. ನೂರರಿಂದ ಆರಕ್ಕೆ ಇಳಿಯಲು ಹನ್ನೆರಡು ಹಂತ ಬೇಕು. ಅಷ್ಟಾದ ಮೇಲೂ ಉಳಿಯುವ ಖಾತರಿ ಐದರಲ್ಲಿ ಒಂದಕ್ಕಿಂತ ಹೆಚ್ಚು. 1/4950 ಇದ್ದದ್ದು ಅಲ್ಲಿಗೆ ಬಂತು. ತುದಿಯಲ್ಲಿ 4096 ಪುಟ್ಟ ಜಾಲಗಳಿರುವುದು ನಿಜ, ಆದರೆ ಅವು ಪುಟ್ಟವಾದ್ದರಿಂದ ಒಟ್ಟು ಕೆಲಸ ಹೆಚ್ಚು ಬೆಳೆಯುವುದಿಲ್ಲ. ಒಂದು ಸಾದಾ ಆಟಕ್ಕೆ n² ಹೆಜ್ಜೆ ಹಿಡಿದರೆ, ಕವಲೊಡೆದ ಇಡೀ ಆಟಕ್ಕೆ n² ಅನ್ನು log nನಿಂದ ಗುಣಿಸಿದಷ್ಟೇ ಕೆಲಸ. ಇದರ ಪೂರ್ಣ ವಿವರ 1996ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲೇ, 1995ರಲ್ಲಿ, ಕಾರ್ಗರ್‌ಗೆ ಮಾರ್ಗದರ್ಶಕರಾಗಿದ್ದ ರಾಜೀವ್ ಮೋಟ್ವಾನಿ ಮತ್ತು ಪ್ರಭಾಕರ ರಾಘವನ್ ಬರೆದ ಯಾದೃಚ್ಛಿಕ ಅಲ್ಗಾರಿದಂಗಳ ಪಠ್ಯಪುಸ್ತಕ ತನ್ನ ಮೊದಲ ಅಧ್ಯಾಯದಲ್ಲೇ ಸಾದಾ ಆಟವನ್ನು ವಿವರಿಸಿತ್ತು.

2000ದಲ್ಲಿ ಕಾರ್ಗರ್ ಬೇರೊಂದು ದಾರಿ ಹಿಡಿದು, ದಾಳ ಬಳಸಿಯೇ, ದಾರಿಗಳ ಪಟ್ಟಿಯನ್ನು ಕೆಲವು ಸಲ ಓದುವ ಹೊತ್ತಿಗಿಂತ ಬಹಳ ಹೆಚ್ಚಲ್ಲದ ಸಮಯದಲ್ಲಿ ಮಿನ್ ಕಟ್ ಹುಡುಕುವ ವಿಧಾನ ಕೊಟ್ಟರು. ದಾಳವಿಲ್ಲದೆ ಹೆಚ್ಚುಕಡಿಮೆ ಅದೇ ವೇಗ ಸಾಧ್ಯವೇ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು. ಎರಡು ಊರುಗಳ ನಡುವೆ ಒಂದಕ್ಕಿಂತ ಹೆಚ್ಚು ದಾರಿಯಿಲ್ಲದ, ತೂಕಗಳೂ ಇಲ್ಲದ ಸರಳ ಜಾಲಗಳಿಗೆ ಕವರಬಾಯಾಶಿ ಮತ್ತು ತೋರುಪ್ 2015ರಲ್ಲಿ ಹೌದು ಎಂದರು. ತೂಕವಿರುವ ಜಾಲಗಳಿಗೆ ಅದೇ ಉತ್ತರ ಸಿಗಲು 2021ರವರೆಗೆ ಕಾಯಬೇಕಾಯಿತು. ಕೊಟ್ಟವರು ಜೇಸನ್ ಲಿ.